ಗ್ರಂಥಾಲಯಕ್ಕೆಂದು ಬಂದ ಹಣ ಎಲ್ಲಿದೆ?

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ರೆಡ್ ಕ್ರಾಸ್ ‘ಲಿಬರ್ಟಿ ಫಂಡ್’ ಎಂಬ ಪ್ರತ್ಯೇಕ ನಿಧಿಯನ್ನು ತೆರೆಯಿತು. ಎರಡು ತಿಂಗಳೊಳಗೆ 50 ಕೋಟಿ ಡಾಲರಿಗೂ ಹೆಚ್ಚು ಹಣ ಬಂದು ಬಿತ್ತು. ಆ ಹಣದಲ್ಲಿ ದೊಡ್ಡದೊಂದು ಭಾಗವನ್ನು ರಕ್ತ ಸಂಗ್ರಹ, ದೂರಸಂಪರ್ಕ ವ್ಯವಸ್ಥೆ ಹಾಗೂ ಮುಂದೆಂದಾದರೂ ಆಗಬಹುದಾದ ದಾಳಿಗಳ ಸಿದ್ಧತೆಗೆ ಎತ್ತಿಡಲು ಸಂಸ್ಥೆ ಯೋಚಿಸಿತ್ತು. ಸುದ್ದಿ ಹೊರಬಿದ್ದಾಗ ದಾನಿಗಳು ಕೆರಳಿದರು. ಸತ್ತವರ ಮನೆಯವರಿಗೆಂದು ಕೊಟ್ಟ ಹಣ ಅವರಿಗೇ ಹೋಗಬೇಕಲ್ಲವೇ ಎಂಬುದು ಅವರ ಪ್ರಶ್ನೆ. ಅಮೆರಿಕದ ಸಂಸತ್ತಿನ ಸಮಿತಿಯೂ ವಿಚಾರಣೆ ನಡೆಸಿತು. ಬೇರೆ ಭಿನ್ನಾಭಿಪ್ರಾಯಗಳೂ ಸೇರಿಕೊಂಡು ಅಧ್ಯಕ್ಷೆ ಬರ್ನಡೀನ್ ಹೀಲಿ ಅಕ್ಟೋಬರ್ ಕೊನೆಯಲ್ಲೇ ರಾಜೀನಾಮೆ ಘೋಷಿಸಿದ್ದರು. ನವೆಂಬರ್ 14ರಂದು ಸಂಸ್ಥೆ ತನ್ನ ನಿರ್ಧಾರವನ್ನು ಬದಲಿಸಿ, ಇಡೀ ನಿಧಿ ದಾಳಿಯ ಸಂತ್ರಸ್ತರಿಗೇ ಎಂದು ಸಾರಿತು.

ಅಲ್ಲಿ ಯಾರೂ ಹಣ ಕದ್ದಿರಲಿಲ್ಲ. ನಿಧಿಯೂ ಪ್ರತ್ಯೇಕವಾಗಿಯೇ ಇತ್ತು. ಎಡವಟ್ಟಾದದ್ದು ಒಂದೇ ಕಡೆ: ಹಣ ಕೇಳುವಾಗ ಜನರಿಗೆ ಅರ್ಥವಾದದ್ದು ಒಂದು, ಖರ್ಚು ಮಾಡಲು ಹೊರಟದ್ದು ಇನ್ನೊಂದು.

ನಮ್ಮ ತಾಲ್ಲೂಕು ಕೇಂದ್ರಗಳ ಶಾಲಾ ಟ್ರಸ್ಟುಗಳಲ್ಲಿ, ಅನಾಥಾಲಯ, ಗೋಶಾಲೆ, ಆಸ್ಪತ್ರೆ ನಡೆಸುವ ಟ್ರಸ್ಟುಗಳಲ್ಲಿ ಈ ತೊಡಕು ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಮನವಿ ಪತ್ರದಲ್ಲಿ ‘ಗ್ರಂಥಾಲಯದ ಕಟ್ಟಡಕ್ಕೆ ಸಹಾಯ ಮಾಡಿ’ ಎಂದು ಅಚ್ಚು ಹಾಕಿಸಿದ ಕ್ಷಣದಿಂದ, ಅದನ್ನು ನೋಡಿ ಬಂದ ಪ್ರತಿ ರೂಪಾಯಿಗೂ ಒಂದು ಷರತ್ತು ಅಂಟಿಕೊಳ್ಳುತ್ತದೆ. ದಾನಿ ಬೇರೆಯಾಗಿ ಪತ್ರ ಬರೆಯಬೇಕೆಂದೇನೂ ಇಲ್ಲ. ವಾರ್ಷಿಕೋತ್ಸವದ ದಿನ ಬಾಗಿಲಲ್ಲಿಟ್ಟ ಕಾಣಿಕೆ ಡಬ್ಬಿಯ ಮೇಲೆ ‘ಗ್ರಂಥಾಲಯಕ್ಕೆ’ ಎಂದು ಚೀಟಿ ಅಂಟಿಸಿದ್ದರೆ ಆ ಚೀಟಿಯೇ ಷರತ್ತು. ಆದ್ದರಿಂದ ಲೆಕ್ಕದ ಕೆಲಸ ಶುರುವಾಗುವುದು ರಸೀದಿ ಪುಸ್ತಕದಿಂದ. ದಾನಿಯ ಹೆಸರು, ವಿಳಾಸ, ಪ್ಯಾನ್, ಮೊತ್ತದ ಜೊತೆಗೆ ‘ಉದ್ದೇಶ’ ಎಂಬ ಒಂದು ಸಾಲು ರಸೀದಿಯಲ್ಲಿ ಇರಲೇಬೇಕು. ಆ ಸಾಲು ಖಾಲಿ ಉಳಿದರೆ ಮುಂದಿನ ಯಾವ ಲೆಕ್ಕವೂ ಗಟ್ಟಿಯಾಗಿ ನಿಲ್ಲದು.

ಈ ಉದ್ದೇಶಗಳಲ್ಲಿ ಮೂರು ಬಗೆ. ‘ಟ್ರಸ್ಟಿಗೆ ಎಲ್ಲಿ ಬೇಕೋ ಅಲ್ಲಿ ಬಳಸಿಕೊಳ್ಳಿ’ ಎಂದು ಕೊಟ್ಟದ್ದು ಸಾಮಾನ್ಯ ನಿಧಿಗೆ. ‘ಮೂಲಧನವಾಗಿಯೇ ಇರಲಿ’ ಎಂದು ದಾನಿ ಬರೆದು ಕೊಟ್ಟದ್ದು ಕಾರ್ಪಸ್‌ಗೆ. ‘ಈ ಒಂದು ಕೆಲಸಕ್ಕೆ ಮಾತ್ರ’ ಎಂದು ಕೊಟ್ಟದ್ದು ನಿರ್ದಿಷ್ಟ ಯೋಜನೆಯ ನಿಧಿಗೆ. ಎರಡನೆಯದನ್ನೂ ಮೂರನೆಯದನ್ನೂ ಒಂದೇ ಎಂದು ತಿಳಿಯುವವರು ಬಹಳ. ಕಟ್ಟಡಕ್ಕೆ ಬಂದದ್ದೆಲ್ಲ ಕಾರ್ಪಸ್ ಎಂದು ಬರೆದುಕೊಂಡುಬಿಡುತ್ತಾರೆ. ಆದರೆ ಕಾರ್ಪಸ್ ಎನ್ನಬೇಕಾದರೆ ದಾನಿಯ ಸ್ಪಷ್ಟ ಸೂಚನೆ ಬೇಕು; ಟ್ರಸ್ಟಿಗಳು ತಾವೇ ಹಾಗೆಂದು ನಿರ್ಣಯ ಮಾಡಿದರೆ ಸಾಲದು. ಅಷ್ಟೇ ಅಲ್ಲ, 2021ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ, ಕಾರ್ಪಸ್ ಹಣಕ್ಕೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಅದನ್ನು ಕಾನೂನು ಹೇಳುವ ಠೇವಣಿಗಳಲ್ಲಿ ಕಾರ್ಪಸ್‌ಗೆಂದೇ ಪ್ರತ್ಯೇಕವಾಗಿ ಇಟ್ಟಿರಬೇಕು.

ಈಗ ಒಂದು ಟ್ರಸ್ಟನ್ನು ಊಹಿಸಿಕೊಳ್ಳೋಣ. ಅದು ಒಂದು ಪ್ರೌಢಶಾಲೆಯನ್ನು ನಡೆಸುತ್ತಿದೆ. ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ, ಜೊತೆಗೆ ಒಂದು ಎಫ್‌ಡಿ. ಏಪ್ರಿಲ್ 1ರಂದು ಕೈಯಲ್ಲಿದ್ದ ಶಿಲ್ಕು 3,00,000 ರೂಪಾಯಿ, ಎಲ್ಲವೂ ಸಾಮಾನ್ಯ ನಿಧಿಯದು. ಆ ವರ್ಷ ಗ್ರಂಥಾಲಯ ಕಟ್ಟಲು ಮನವಿ ಮಾಡಿದಾಗ ಹಳೆಯ ವಿದ್ಯಾರ್ಥಿಗಳಿಂದ 7,00,000, ಊರು ಬಿಟ್ಟು ನೆಲೆಸಿದ ಒಬ್ಬ ದಾನಿಯಿಂದ 5,00,000 ಬಂತು. ಕೆಲಸ ಶುರುವಾಗುವವರೆಗೆ ಎಫ್‌ಡಿಯಲ್ಲಿಟ್ಟದ್ದಕ್ಕೆ ಬಡ್ಡಿ 18,000. ಅಡಿಪಾಯ, ಗೋಡೆಗೆ 6,40,000 ಖರ್ಚಾಯಿತು. ಕೆಲಸದ ಉಸ್ತುವಾರಿ ನೋಡಿದ ಗುಮಾಸ್ತರ ಸಂಬಳದ ಪಾಲು ಎಂದು 30,000, ಇದಕ್ಕೆ ಮನವಿ ಪತ್ರದಲ್ಲೇ ಅವಕಾಶವಿತ್ತು. ಇತ್ತ ಶಾಲೆಯ ಕಡೆ ಶುಲ್ಕ ಮತ್ತು ಸಾಮಾನ್ಯ ದೇಣಿಗೆ 14,00,000. ಸಂಬಳ, ಕರೆಂಟು, ರಿಪೇರಿ ಎಲ್ಲ ಸೇರಿ ಖರ್ಚು 18,18,000.

ಮಾರ್ಚ್ 31ರಂದು ಎಲ್ಲವನ್ನೂ ಒಟ್ಟಿಗೆ ಹಾಕಿ ಜಮಾ-ಖರ್ಚು ಬರೆದರೆ ಜಮಾ 26,18,000, ಖರ್ಚು 24,88,000. ಉಳಿತಾಯ 1,30,000. ಹಿಂದಿನ ಶಿಲ್ಕು ಸೇರಿಸಿದರೆ ಖಾತೆ, ಎಫ್‌ಡಿ ಎರಡರಲ್ಲೂ ಕೂಡಿ 4,30,000. ಸಭೆಯಲ್ಲಿ ಕಾರ್ಯದರ್ಶಿ ಇದನ್ನು ಓದುತ್ತಾರೆ, ಈ ವರ್ಷವೂ ಉಳಿತಾಯ ಎಂದು ಎಲ್ಲರಿಗೂ ಸಮಾಧಾನವಾಗುತ್ತದೆ, ಲೆಕ್ಕಕ್ಕೆ ಒಪ್ಪಿಗೆ ಸಿಗುತ್ತದೆ.

ಅದೇ ಅಂಕಿಗಳನ್ನು ಎರಡು ನಿಧಿಗಳಾಗಿ ಬಿಡಿಸಿ ನೋಡಿ. ಗ್ರಂಥಾಲಯ ನಿಧಿಗೆ ಬಂದದ್ದು ಬಡ್ಡಿ ಸೇರಿ 12,18,000, ಹೋದದ್ದು 6,70,000, ಉಳಿದಿರಬೇಕಾದದ್ದು 5,48,000. ಆದರೆ ಟ್ರಸ್ಟಿನ ಬಳಿ ಒಟ್ಟಾರೆ ಇರುವುದೇ 4,30,000! ಸಾಮಾನ್ಯ ನಿಧಿಯಲ್ಲಿ ಇದ್ದ 3,00,000, ಬಂದ 14,00,000 ಎರಡನ್ನೂ ಮುಗಿಸಿ ಮೇಲೆ 1,18,000 ಖರ್ಚಾಗಿದೆ. ಆ ಹಣ ಗ್ರಂಥಾಲಯದ್ದು. ಹಳೆಯ ವಿದ್ಯಾರ್ಥಿಗಳು ಛಾವಣಿಗೆಂದು ಕೊಟ್ಟ ಹಣ ಮೇಷ್ಟ್ರುಗಳ ಸಂಬಳವಾಗಿ ಹೋಗಿದೆ, ಯಾರ ಗಮನಕ್ಕೂ ಬಾರದೆ. ಮುಂದಿನ ವರ್ಷ ಛಾವಣಿ ಹಾಕಲು ಮೇಸ್ತ್ರಿ ಮುಂಗಡ ಕೇಳಿದಾಗಷ್ಟೇ ಕೊರತೆ ಕಾಣಿಸಿಕೊಳ್ಳುತ್ತದೆ. ಆಗ ಮತ್ತೆ ಅದೇ ಜನರ ಮುಂದೆ ಕೈಚಾಚಬೇಕಾಗುತ್ತದೆ.

ಇದನ್ನು ಆದಾಯ ತೆರಿಗೆಯ ಲೆಕ್ಕ ಹಿಡಿಯುತ್ತದೆಯೇ? ಇಲ್ಲ. ನೋಂದಾಯಿತ ಧರ್ಮಾರ್ಥ ಟ್ರಸ್ಟು ವರ್ಷದ ಆದಾಯದಲ್ಲಿ ಕನಿಷ್ಠ ಶೇ 85ರಷ್ಟನ್ನು ತನ್ನ ಉದ್ದೇಶಗಳಿಗೆ ಖರ್ಚು ಮಾಡಬೇಕು ಎಂಬುದು ಮುಖ್ಯ ನಿಯಮ. ಕಾರ್ಪಸ್ ಅಲ್ಲದ ದೇಣಿಗೆ ಸಾಮಾನ್ಯವಾಗಿ ಈ ಆದಾಯಕ್ಕೆ ಸೇರುತ್ತದೆ; ಕಟ್ಟಡಕ್ಕೆ ಹಾಕಿದ ಹಣವೂ ಖರ್ಚೆಂದೇ ಲೆಕ್ಕ. ನಮ್ಮ ಟ್ರಸ್ಟಿನ 26,18,000ಕ್ಕೆ ಶೇ 85 ಎಂದರೆ 22,25,300. ಖರ್ಚಾದದ್ದು 24,88,000. ತೆರಿಗೆಯ ದೃಷ್ಟಿಯಲ್ಲಿ ಟ್ರಸ್ಟು ಸಲೀಸಾಗಿ ಪಾಸು. ಶಾಲೆ ನಡೆಸುವುದೂ ಗ್ರಂಥಾಲಯ ಕಟ್ಟುವುದೂ ಟ್ರಸ್ಟಿನ ಉದ್ದೇಶಗಳೇ ಆಗಿರುವುದರಿಂದ ಯಾವ ಹಣ ಯಾವುದಕ್ಕೆ ಹೋಯಿತೆಂದು ಆ ಶೇ 85ರ ಲೆಕ್ಕ ಕೇಳುವುದೇ ಇಲ್ಲ. ರಿಟರ್ನ್ ಸಲ್ಲಿಸಿ ಆಯಿತು, ಆಡಿಟ್ ಮುಗಿಯಿತು ಎಂದರೆ ದಾನಿಯ ಷರತ್ತು ಪಾಲನೆಯಾಗಿದೆ ಎಂದು ಅರ್ಥವಲ್ಲ. ಆ ಪರೀಕ್ಷೆಯನ್ನು ಟ್ರಸ್ಟು ತನಗೆ ತಾನೇ ಮಾಡಿಕೊಳ್ಳಬೇಕು.

ಪರೀಕ್ಷೆ ಸರಳ. ಎಲ್ಲ ನಿರ್ದಿಷ್ಟ ನಿಧಿಗಳಲ್ಲಿ ಖರ್ಚಾಗದೆ ಉಳಿದ ಮೊತ್ತವನ್ನು ಕೂಡಿಸುವುದು, ನಗದು, ಬ್ಯಾಂಕು, ಠೇವಣಿಗಳಲ್ಲಿರುವ ಮೊತ್ತದ ಪಕ್ಕದಲ್ಲಿ ಬರೆಯುವುದು. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಾಗಿದ್ದರೆ ಯಾವುದೋ ಯೋಜನೆಯ ಹಣ ಕೈಬಿಟ್ಟಿದೆ. ವರ್ಷಕ್ಕೊಮ್ಮೆ ನೋಡಿದರೆ ತಡವಾಗಿರುತ್ತದೆ. ಪ್ರತಿ ತಿಂಗಳು ಸಂಬಳ ಕೊಡುವ ಮೊದಲು ನೋಡುವುದು ಒಳ್ಳೆಯದು, ಏಕೆಂದರೆ ಹಣ ಜಾರುವುದು ಹೆಚ್ಚಾಗಿ ಆ ದಿನವೇ.

ಈ ಲೆಕ್ಕ ಸಿಗಬೇಕಾದರೆ ಪುಸ್ತಕದಲ್ಲಿ ಹೇಗೆ ಬರೆಯಬೇಕು? ಗ್ರಂಥಾಲಯಕ್ಕೆ ದೇಣಿಗೆ ಬಂದ ದಿನ ಬ್ಯಾಂಕ್ ಖಾತೆಗೆ ಖರ್ಚು, ‘ಗ್ರಂಥಾಲಯ ನಿಧಿ’ ಎಂಬ ಲೆಡ್ಜರಿಗೆ ಜಮಾ. ಈ ಲೆಡ್ಜರ್ ಅಢಾವೆ ಪತ್ರಿಕೆಯಲ್ಲಿ ಜವಾಬ್ದಾರಿಗಳ ಕಡೆ ನಿಲ್ಲುತ್ತದೆ. ‘ಇಷ್ಟನ್ನು ಆ ಕೆಲಸಕ್ಕೆ ಮಾಡಿ ತೋರಿಸಬೇಕಾಗಿದೆ’ ಎಂದು ಅದರ ಮಾತು. ಗುಮಾಸ್ತರ ಸಂಬಳದ ಪಾಲಿನಂಥ ಖರ್ಚು ಬಂದಾಗ ಅಷ್ಟನ್ನು ನಿಧಿಯಿಂದ ಕಳೆಯುವುದು ಎಲ್ಲರಿಗೂ ಹೊಳೆಯುತ್ತದೆ. ಗೋಡೆ ಕಟ್ಟಿದಾಗ ಮಾತ್ರ ಲೆಕ್ಕ ಬರೆಯುವವರು ಅರ್ಧಕ್ಕೆ ನಿಲ್ಲುತ್ತಾರೆ. 6,40,000 ಬ್ಯಾಂಕಿನಿಂದ ಹೋಯಿತು, ಕಟ್ಟಡದ ಲೆಕ್ಕಕ್ಕೆ ಸೇರಿತು, ಒಂದು ನಮೂದು ಮುಗಿಯಿತು. ಇದರ ಜೊತೆಗೇ ಇನ್ನೊಂದು ನಮೂದು ಬೇಕು: ಗ್ರಂಥಾಲಯ ನಿಧಿಯಿಂದ 6,40,000 ತೆಗೆದು, ಆಸ್ತಿಯಾಗಿ ಮಾರ್ಪಟ್ಟ ಹಣವನ್ನು ತೋರಿಸುವ ಬಂಡವಾಳ ನಿಧಿಗೆ ಹಾಕಬೇಕು. ಇದನ್ನು ಬಿಟ್ಟರೆ ನಿಧಿಯಲ್ಲಿ ಅಷ್ಟೂ ಹಣ ಇನ್ನೂ ಖರ್ಚಾಗದೆ ಉಳಿದಂತೆ ಕಾಣುತ್ತದೆ, ವಾಸ್ತವದಲ್ಲಿ ಅದು ಇಟ್ಟಿಗೆ, ಸಿಮೆಂಟ್ ಆಗಿ ಎದುರಿಗೇ ನಿಂತಿರುತ್ತದೆ. ಯಾವುದೋ ಕಾಲದಲ್ಲಿ ಮುಗಿದ ಕಟ್ಟಡದ ನಿಧಿ ವರ್ಷ ವರ್ಷವೂ ಅದೇ ಮೊತ್ತದಲ್ಲಿ ಅಢಾವೆ ಪತ್ರಿಕೆಯಲ್ಲಿ ಮುಂದುವರಿಯುತ್ತಿದ್ದರೆ, ಈ ಎರಡನೆಯ ನಮೂದು ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಬೇಕು.

ಟ್ಯಾಲಿ ಬಳಸುವ ಕಚೇರಿಗಳಲ್ಲಿ ಪ್ರತಿ ಯೋಜನೆಗೂ ಒಂದು ಕಾಸ್ಟ್ ಸೆಂಟರ್ ತೆರೆದು, ವೋಚರ್ ಹಾಕುವಾಗಲೇ ಅದನ್ನು ಆರಿಸುವ ಪದ್ಧತಿ ಇದೆ. ಯಾವ ಯೋಜನೆಗೆ ಎಷ್ಟು ಖರ್ಚು ಎಂದು ಕೇಳಿದ ಕೂಡಲೇ ಪಟ್ಟಿ ಬರುತ್ತದೆ. ಆದರೆ ಅದರ ಜೊತೆ ನಿಧಿಯ ಲೆಡ್ಜರ್ ಇಲ್ಲದಿದ್ದರೆ ಕಳೆದ ವರ್ಷ ಉಳಿದು ಮುಂದೆ ಬಂದ ಹಣದ ಕಥೆ ಅಢಾವೆ ಪತ್ರಿಕೆಯಲ್ಲಿ ಕಾಣುವುದಿಲ್ಲ. ಕಂಪ್ಯೂಟರ್ ಇಲ್ಲದ ಟ್ರಸ್ಟಿಗೆ ಒಂದು ಉದ್ದನೆಯ ನೋಟ್‌ಬುಕ್ಕೂ ಸಾಕು: ತಾರೀಕು, ರಸೀದಿ ಅಥವಾ ವೋಚರ್ ನಂಬರು, ಬಂದದ್ದು, ಹೋದದ್ದು, ಉಳಿದದ್ದು.

ಹಾಗಾದರೆ ಬ್ಯಾಂಕಿನಲ್ಲಿ ಬೇರೆ ಖಾತೆ ಬೇಡವೇ? ಇದ್ದರೆ ಅನುಕೂಲ. ಸಂಬಳದ ದಿನ ಯೋಜನೆಯ ಹಣ ಕಣ್ಣಿಗೆ ಬೀಳದೆ ಉಳಿಯುತ್ತದೆ, ಬಡ್ಡಿ ಎಷ್ಟು ಬಂತೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಬೇರೆ ಖಾತೆ ತೆರೆದ ಮಾತ್ರಕ್ಕೆ ಬೇರೆ ಲೆಕ್ಕ ಇಟ್ಟಂತಾಗುವುದಿಲ್ಲ. ಆ ಖಾತೆಯಿಂದ ಶಾಲೆಯ ಕರೆಂಟ್ ಬಿಲ್ ಕಟ್ಟಿ, ಶಾಲೆಯ ಖಾತೆಯಿಂದ ಮರಳಿನ ಲಾರಿಗೆ ಹಣ ಕೊಟ್ಟರೆ ಪಾಸ್‌ಬುಕ್ ಯಾವ ನಿಜವನ್ನೂ ಹೇಳದು. ಸ್ಥಳೀಯ ದೇಣಿಗೆಗಳ ವಿಷಯದಲ್ಲಿ ಬೇರೆ ಖಾತೆ ವಿವೇಕದ ಮಾತು. ವಿದೇಶಿ ದೇಣಿಗೆಯ ವಿಷಯದಲ್ಲಿ ಅದು ಕಾನೂನು. 2020ರ ತಿದ್ದುಪಡಿಯಾದ ಮೇಲೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಪಡೆದ ಸಂಸ್ಥೆಗಳು ಆ ಹಣವನ್ನು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ತರಿಸಿಕೊಳ್ಳಬೇಕು. ಅಲ್ಲಿಂದ ಊರಿನ ಬ್ಯಾಂಕಿನ ಬಳಕೆ ಖಾತೆಗೆ ಕಳಿಸಿಕೊಳ್ಳಬಹುದು, ಆದರೆ ಸ್ಥಳೀಯ ಹಣವನ್ನು ಅದರೊಳಗೆ ಬೆರೆಸುವಂತಿಲ್ಲ. ಅದಕ್ಕೆ ಬಂದ ಬಡ್ಡಿಯೂ ವಿದೇಶಿ ವಂತಿಗೆಯೇ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿ ಅಲ್ಲಿನ ಪೌರತ್ವ ಪಡೆದ ಊರಿನ ಮಗ ಕೊಟ್ಟ ಹಣವೂ ಈ ಲೆಕ್ಕಕ್ಕೆ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ಬರುವುದಿಲ್ಲ. ನಮ್ಮ ಉದಾಹರಣೆಯ 5,00,000 ಕೊಟ್ಟವರು ಎಲ್ಲಿ ನೆಲೆಸಿದ್ದಾರೆ ಎಂಬುದಕ್ಕಿಂತ ಅವರ ಪೌರತ್ವ ಯಾವುದು ಎಂಬುದನ್ನು ಹಣ ಪಡೆಯುವ ಮೊದಲೇ ಕೇಳಿಕೊಳ್ಳಬೇಕು.

ನಿಧಿ ಬೇರೆಯಾದರೂ ಬಿಲ್ಲುಗಳು ಬೇರೆಯಾಗಿ ಬರುವುದಿಲ್ಲ, ಕೆಲಸದ ನಿಜವಾದ ಕಷ್ಟ ಇರುವುದು ಇಲ್ಲಿ. ಅಂಗಡಿಯಿಂದ ಅರವತ್ತು ಚೀಲ ಸಿಮೆಂಟ್ ಬರುತ್ತದೆ, ಚೀಲಕ್ಕೆ 400 ರೂಪಾಯಿಯಂತೆ 24,000ದ ಒಂದೇ ಬಿಲ್. ನಲವತ್ತೈದು ಚೀಲ ಗ್ರಂಥಾಲಯದ ಗೋಡೆಗೆ ಹೋಗುತ್ತದೆ, ಹದಿನೈದು ಚೀಲ ಶಾಲೆಯ ಬಿದ್ದ ಕಾಂಪೌಂಡಿಗೆ. ವೋಚರಿನ ಮೇಲೆ ‘ಗ್ರಂಥಾಲಯ 18,000, ಸಾಮಾನ್ಯ 6,000’ ಎಂದು ಬರೆದು, ಚೀಲಗಳ ಲೆಕ್ಕ ಇಟ್ಟವರು ಸಹಿ ಮಾಡಬೇಕು. ಇದು ಆ ದಿನವೇ ಆಗಬೇಕಾದ ಕೆಲಸ. ಮಾರ್ಚ್ ಕೊನೆಯಲ್ಲಿ ಕುಳಿತು ಅಂದಾಜಿನಲ್ಲಿ ಹಂಚಿದರೆ ಹಂಚಿಕೆ ಯಾವಾಗಲೂ ಹಣ ಇರುವ ನಿಧಿಯ ಕಡೆಗೇ ವಾಲುತ್ತದೆ. ಗುಮಾಸ್ತರ ಸಂಬಳವೂ ಹಾಗೆಯೇ. ವಾರದಲ್ಲಿ ಎಷ್ಟು ಹೊತ್ತು ಕಟ್ಟಡದ ಕೆಲಸ ನೋಡಿದರು ಎಂಬ ಟಿಪ್ಪಣಿ ಇದ್ದರೆ ಆ 30,000ಕ್ಕೆ ಆಧಾರವಿದೆ. ಇಲ್ಲದಿದ್ದರೆ ಅದು ಬರೀ ಒಂದು ಸಂಖ್ಯೆ.

ಇದಕ್ಕಿಂತ ಗಂಭೀರವಾದದ್ದು ಒಂದೇ ಬಿಲ್ಲನ್ನು ಇಬ್ಬರು ದಾನಿಗಳಿಗೆ ತೋರಿಸುವುದು. ಕಿಟಕಿಗಳ 80,000 ರೂಪಾಯಿ ಬಿಲ್ಲಿನ ಜೆರಾಕ್ಸ್ ಹಳೆಯ ವಿದ್ಯಾರ್ಥಿಗಳ ಸಂಘದ ಫೈಲಿಗೂ ಹೋಗುತ್ತದೆ, ದೊಡ್ಡ ದಾನಿಯ ಫೈಲಿಗೂ ಹೋಗುತ್ತದೆ. ಎಷ್ಟೋ ಸಲ ಇದು ಮೋಸದ ಉದ್ದೇಶದಿಂದ ಆಗುವುದಲ್ಲ, ಇಬ್ಬರೂ ಒಂದೇ ಕಟ್ಟಡಕ್ಕೆ ಕೊಟ್ಟಿರುವಾಗ ಬಿಲ್ ಒಂದೇ ಎಂಬ ಭಾವನೆಯಿಂದ ಆಗುವುದು. ಆದರೆ ಕೂಡಿಸಿ ನೋಡಿದರೆ ಖರ್ಚು ಎರಡು ಪಟ್ಟಾಗಿರುತ್ತದೆ. ಇದಕ್ಕೆ ಹಳೆಯ ಕಾಲದ ಉಪಾಯವೇ ಚೆನ್ನ: ಮೂಲ ಬಿಲ್ಲಿನ ಮೇಲೆ ‘ಗ್ರಂಥಾಲಯ ನಿಧಿಯಿಂದ ಪಾವತಿಸಿದೆ’ ಎಂಬ ರಬ್ಬರ್ ಮೊಹರು, ಅದರ ಕೆಳಗೆ ದಾನಿವಾರು ಮೊತ್ತ. ಮೊಹರು ಬಿದ್ದ ಮೇಲೆಯೇ ಜೆರಾಕ್ಸ್ ತೆಗೆದರೆ ಪ್ರತಿಯೊಂದು ಪ್ರತಿಯೂ ತನ್ನ ಪಾಲೆಷ್ಟು ಎಂದು ತಾನೇ ಹೇಳುತ್ತದೆ.

ಹಣ ಬರುವ ಕಾಲವೂ ತೊಡಕು ತರುತ್ತದೆ. ಕಂಪನಿಗಳ ಸಿಎಸ್‌ಆರ್ ಹಣ ಎಷ್ಟೋ ಸಲ ಫೆಬ್ರುವರಿ, ಮಾರ್ಚ್‌ನಲ್ಲಿ ಬರುತ್ತದೆ. ಟ್ರಸ್ಟಿಗೆ ಹಣ ಕಳಿಸಿದೊಡನೆ ಕಂಪನಿಯ ಹೊಣೆ ಮುಗಿಯುವುದಿಲ್ಲ. ಟ್ರಸ್ಟು ಅದನ್ನು ಖರ್ಚು ಮಾಡಿದಾಗಲೇ ಸಿಎಸ್‌ಆರ್ ವೆಚ್ಚವೆಂದು ಪರಿಗಣನೆ. ಹಾಗಾಗಿ ಮಾರ್ಚ್ ಮುಗಿಯುವ ಹೊತ್ತಿಗೆ ಕಂಪನಿಯವರು ಹಣ ಬಳಕೆ ಪ್ರಮಾಣಪತ್ರಕ್ಕೆ ದುಂಬಾಲು ಬೀಳುತ್ತಾರೆ. ಖರ್ಚಾಗದ್ದನ್ನು ಖರ್ಚಾಯಿತೆಂದು ಬರೆದುಕೊಡುವ ಒತ್ತಡ ಹುಟ್ಟುವುದು ಆಗಲೇ. ನಿಧಿಯ ಲೆಡ್ಜರ್ ಸರಿಯಾಗಿದ್ದರೆ ಉಳಿದ ಮೊತ್ತವನ್ನು ಇದ್ದಂತೆ ತಿಳಿಸುವುದು ಕಷ್ಟವಲ್ಲ, ಮುಂದುವರಿಯುವ ಯೋಜನೆಗಳ ಉಳಿಕೆ ಹಣಕ್ಕೆ ಕಂಪನಿ ಕಾನೂನಿನಲ್ಲೇ ದಾರಿಯಿದೆ. ಟ್ರಸ್ಟಿನ ತೆರಿಗೆ ಲೆಕ್ಕದಲ್ಲೂ ಅಷ್ಟೇ: ತಡವಾಗಿ ಬಂದ ಹಣದಿಂದ ಶೇ 85ರ ಗುರಿ ಮುಟ್ಟದಿದ್ದರೆ, ಯಾವ ಉದ್ದೇಶಕ್ಕೆ ಎಂದು ನಿರ್ದಿಷ್ಟವಾಗಿ ಹೇಳಿ ಐದು ವರ್ಷದವರೆಗೆ ಹಣ ಕೂಡಿಡಲು ಅವಕಾಶವಿದೆ. 1961ರ ಕಾಯ್ದೆಯಲ್ಲಿ ಅದಕ್ಕೆ ಫಾರಂ 10 ಸಲ್ಲಿಸಬೇಕಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ, ಆದ್ದರಿಂದ ಆಡಿಟರನ್ನು ಕೇಳಿಯೇ ಮುಂದುವರಿಯಬೇಕು.

ಮತ್ತೆ ನಮ್ಮ ಟ್ರಸ್ಟಿನ 1,18,000ಕ್ಕೆ ಬರೋಣ. ಅದನ್ನು ಸರಿಪಡಿಸುವುದು ಹೇಗೆ? ಮೊದಲು ಅದನ್ನು ಅದರ ಹೆಸರಿನಿಂದ ಕರೆಯಬೇಕು: ಸಾಮಾನ್ಯ ನಿಧಿ ಗ್ರಂಥಾಲಯ ನಿಧಿಯಿಂದ ಪಡೆದ ಕೈಗಡ. ಅದೂ ಕೇಳದೆ ಪಡೆದದ್ದು. ಟ್ರಸ್ಟಿಗಳ ಸಭೆಯಲ್ಲಿ ವಿಷಯ ಇಟ್ಟು, ಎಷ್ಟು, ಯಾವ ತಿಂಗಳಿಂದ, ಯಾಕೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಜೂನ್‌ನಲ್ಲಿ ಶುಲ್ಕ ಬರುವಾಗ ಮೊದಲ 1,18,000 ಗ್ರಂಥಾಲಯಕ್ಕೆ ಎಂದು ನಿರ್ಣಯ ಮಾಡಬೇಕು. ಅಲ್ಲಿಯವರೆಗೆ ಲೆಕ್ಕಪತ್ರದಲ್ಲಿ ಆ ಬಾಕಿ ಬಚ್ಚಿಡದೆ ಕಾಣಬೇಕು. ಒಂದು ನಿಧಿಯಿಂದ ಇನ್ನೊಂದಕ್ಕೆ ಕೈಗಡ ತೆಗೆಯುವುದನ್ನು ಪದ್ಧತಿ ಮಾಡಿಕೊಂಡ ಟ್ರಸ್ಟುಗಳು ಕೊನೆಗೆ ಹೊಸ ಯೋಜನೆಯ ಹಣದಿಂದ ಹಳೆಯ ಯೋಜನೆಯನ್ನು ಮುಗಿಸುವ ಸುಳಿಗೆ ಬೀಳುತ್ತವೆ. ಸಿಎಸ್‌ಆರ್ ಮತ್ತು ವಿದೇಶಿ ಹಣದ ವಿಷಯದಲ್ಲಂತೂ ಒಂದು ದಿನದ ಮಟ್ಟಿಗೂ ಇದಕ್ಕೆ ಕೈ ಹಾಕಬಾರದು.

ಕೆಲಸ ಮುಗಿದ ಮೇಲೆ ಹಣ ಉಳಿಯುವುದೂ ಉಂಟು. ಆಗ ಮಾಡಬೇಕಾದದ್ದನ್ನು ಗಡಿರಹಿತ ವೈದ್ಯರ ಸಂಸ್ಥೆ, ಎಂಎಸ್‌ಎಫ್, 2004ರ ಡಿಸೆಂಬರಿನ ಸುನಾಮಿಯ ಬಳಿಕ ತೋರಿಸಿಕೊಟ್ಟಿತು. ಸುನಾಮಿ ಬಂದ ಸುಮಾರು ಒಂದು ವಾರದಲ್ಲೇ ತಾನು ಅಲ್ಲಿ ಮಾಡಬಲ್ಲ ಕೆಲಸಕ್ಕೆ ಬೇಕಾದಷ್ಟು ಹಣ ಬಂದಿದೆ ಎಂದು ಆ ಸಂಸ್ಥೆ ಸುನಾಮಿಯ ಹೆಸರಿನಲ್ಲಿ ಹಣ ಪಡೆಯುವುದನ್ನು ನಿಲ್ಲಿಸಿತು. ಆಮೇಲೆ ಕೊಟ್ಟವರಿಗೇ ಪತ್ರ ಬರೆದು, ಹೆಚ್ಚಿನದನ್ನು ಬೇರೆ ಕಡೆಯ ತುರ್ತು ಕೆಲಸಗಳಿಗೆ ಬಳಸಲೇ, ಇಲ್ಲ ಹಿಂದಿರುಗಿಸಲೇ ಎಂದು ಕೇಳಿತು. ಬಹುಪಾಲು ಎಲ್ಲರೂ ಒಪ್ಪಿದರು, ಹಿಂದಕ್ಕೆ ಕೇಳಿದವರು ತೀರಾ ಕಡಿಮೆ.

ಊರಿನ ಟ್ರಸ್ಟೂ ಇದನ್ನೇ ಒಂದು ಪುಟದಲ್ಲಿ ಮಾಡಬಹುದು. ಉದ್ಘಾಟನೆಯ ನಂತರ ಪ್ರತಿ ದಾನಿಗೂ ಲೆಕ್ಕ ಕಳಿಸುವುದು: ಬಂದದ್ದು, ಬಡ್ಡಿ, ಕಟ್ಟಡಕ್ಕೆ, ಉಸ್ತುವಾರಿಗೆ, ಉಳಿದದ್ದು. ಉಳಿದದ್ದರಲ್ಲಿ ಕಪಾಟು, ಪುಸ್ತಕ ಕೊಳ್ಳಬಹುದೇ ಎಂದು ಕೇಳುವುದು. ಬಂದ ಉತ್ತರಗಳನ್ನು ಫೈಲಿಗೆ ಹಾಕಿ, ನಿರ್ಣಯ ಮಾಡಿ, ನಿಧಿಯ ಲೆಡ್ಜರನ್ನು ಸೊನ್ನೆಗೆ ತಂದು ಮುಚ್ಚುವುದು. ಮುಂದಿನ ಸಲ ಮನವಿ ಪತ್ರ ಅಚ್ಚು ಹಾಕಿಸುವಾಗ ‘ಹಣ ಉಳಿದರೆ ಗ್ರಂಥಾಲಯದ ಪುಸ್ತಕಗಳಿಗೆ ಬಳಸಲಾಗುವುದು’ ಎಂದು ಒಂದು ಸಾಲು ಮೊದಲೇ ಸೇರಿಸಿದರೆ ಈ ಪತ್ರ ವ್ಯವಹಾರವೂ ಉಳಿಯುತ್ತದೆ. ಲೆಡ್ಜರ್ ಮುಚ್ಚಿದರೂ ಕಾಗದಗಳನ್ನು ಎಸೆಯುವಂತಿಲ್ಲ: ಧರ್ಮಾರ್ಥ ಸಂಸ್ಥೆಗಳು ಇಡಬೇಕಾದ ಲೆಕ್ಕಪುಸ್ತಕಗಳ ಬಗ್ಗೆ 2022ರ ಆಗಸ್ಟ್‌ನಲ್ಲಿ ಹೊರಬಂದ ನಿಯಮದ ಪ್ರಕಾರ ರಸೀದಿ, ವೋಚರು, ದಾನಿಗಳ ವಿವರ ಎಲ್ಲವನ್ನೂ ಸಂಬಂಧಿಸಿದ ತೆರಿಗೆ ನಿರ್ಧರಣಾ ವರ್ಷ ಮುಗಿದ ಮೇಲೆ ಹತ್ತು ವರ್ಷ ಕಾಪಾಡಬೇಕು.